ಅಕ್ಷರದೊಳಗಿನ ಸೊನ್ನೆ

"ಕಣ್ಣಿಲ್ಲದವಳು ಕರಡು ತಿದ್ದೋದು ಹೇಗೆ?" ಎಂದು ಮೇಲ್ವಿಚಾರಕ ನೇರವಾಗಿ ಕೇಳಿದ್ದರೆ ಅವಳೂ ನೇರವಾಗಿ ನಾಲ್ಕು ಮಾತು ಹೇಳಿ ಹಗುರಾಗುತ್ತಿದ್ದಳು. ಆ ಮಹಾನುಭಾವ ಬೆಲ್ಲದಲ್ಲಿ ಅದ್ದಿದ ದನಿಯಲ್ಲಿ ಮಾತಾಡಿದ.

"ನೋಡಿ ಮೇಡಂ, ಪರೀಕ್ಷೆ ಎಲ್ಲರಿಗೂ ಒಂದೇ. ಈ ಫೈಲಲ್ಲಿ ತಪ್ಪು ಹುಡುಕಿ. ಇಲ್ಲದ ತಪ್ಪನ್ನ ಇದೆ ಅಂದ್ರೆ ಮಾತ್ರ ಕೆಲಸ ಕೊಡೋಕಾಗಲ್ಲ."

ಅವಳಿಗೆ ಕೆಲಸ ಬೇಕಿತ್ತು. ಎಂ.ಎ. ಮುಗಿಸಿ ಚಿಕ್ಕಮ್ಮನ ಮನೆಯಲ್ಲಿ ಕೂತು, ಬಂದವರೆಲ್ಲ "ಪಾಪ" ಎನ್ನುವುದನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು. ಅದಕ್ಕಿಂತ ಹೆಚ್ಚಾಗಿ ಈ ಕೆಲಸವೇ ಬೇಕಿತ್ತು. ಈ ಕಚೇರಿಯಲ್ಲಿ ಹಳೆಯ ಪಠ್ಯಪುಸ್ತಕಗಳ ಚಿತ್ರ ತೆಗೆದು, ಯಂತ್ರದಿಂದ ಅಕ್ಷರ ಓದಿಸಿ, ಕಣ್ಣು ಕಾಣದ ಮಕ್ಕಳ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿನ ಮಕ್ಕಳು ಕಂಪ್ಯೂಟರಿನ ದನಿಯಿಂದ ಪಾಠ ಕೇಳುತ್ತಾರೆ. ಅವಳು ಕಲಿತದ್ದೂ ಅದೇ ಶಾಲೆಯಲ್ಲಿ. ಪಾಠ ಹೇಗೋ ಅರ್ಥವಾಗುತ್ತಿತ್ತು. ಕೋಷ್ಟಕ ಬಂತೆಂದರೆ ಮುಗಿಯಿತು, ದೇವರೇ ಗತಿ. ಹತ್ತನೇ ಇಯತ್ತೆಯಲ್ಲಿ ಅವಳು ಕೋಷ್ಟಕದ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟು ಬಂದಿದ್ದಳು, ಮನೆಗೆ ಬಂದು ಅತ್ತಿದ್ದಳು.

ಪರೀಕ್ಷೆಯ ಫೈಲು ಭೂಗೋಳದ ಪುಸ್ತಕದ್ದು. ಒಂದೆರಡು ಪುಟ ಬೇರೆ ಮಾಡಿ ಕೊಡಲು ಸೋಮಾರಿತನಪಟ್ಟು ಮೇಲ್ವಿಚಾರಕ ಇಡೀ ಪುಸ್ತಕದ ಕೋಷ್ಟಕಗಳನ್ನೇ ಅವಳ ಲ್ಯಾಪ್‌ಟಾಪಿಗೆ ಹಾಕಿಸಿದ. ಕನ್ನಡಕದಾಕೆ ಎಂದು ಎಲ್ಲರೂ ಕರೆಯುವ ತಿದ್ದುಗಾರ್ತಿ ಹದಿನೈದು ದಿನ ಕೂತು ಅದನ್ನು ತಿದ್ದಿದ್ದಳಂತೆ. ಅಲ್ಲಿಯ ಪದ್ಧತಿ ಸರಳ: ಎಡಗಡೆ ಪುಟದ ಚಿತ್ರ, ಬಲಗಡೆ ಯಂತ್ರ ಓದಿದ ಅಕ್ಷರ. ಎರಡೂ ಒಂದೇ ಥರ ಕಂಡರೆ ಕೋಷ್ಟಕದ ಆ ಮನೆಗೆ ಹಸಿರು ಬಣ್ಣ. ಈ ಫೈಲಿನ ಮನೆಗಳೆಲ್ಲ ಹಸಿರಾಗಿದ್ದವು.

ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳತೊಡಗಿದಳು. ಬಾಗಿಲ ಹೊರಗಿನ ಬೆಂಚಿನ ಮೇಲೆ ಚಿಕ್ಕಮ್ಮ ಚೀಲ ತೊಡೆಯ ಮೇಲಿಟ್ಟು ಕಾದಿದ್ದಳು.

ಮೊದಲ ಕೋಷ್ಟಕ ಬೆಳೆಗಳದ್ದು. "ಅಕಿ, ಹತಿ" ಎಂದಿತು ಕಂಪ್ಯೂಟರು. ಆಮೇಲೆ ಎರಡು ಸಾಲುಗಳ ನಡುವೆ ಅರ್ಥವಿಲ್ಲದ ಚೂರುಗಳ ಒಂದು ಸಾಲು. ಅವಳಿಗೆ ತಕ್ಷಣ ಗೊತ್ತಾಯಿತು: ಅಕ್ಕಿಯ ಕ-ಒತ್ತು, ಹತ್ತಿಯ ತ-ಒತ್ತು ಅಕ್ಷರದ ಕೆಳಗೆ ಇಳಿಯುತ್ತವೆ. ಮನೆ ಚಿಕ್ಕದಿದ್ದರೆ ಕೆಳಗಿನ ಗೆರೆಗೆ ತಾಗುತ್ತವೆ. ಯಂತ್ರ ಮನೆಯನ್ನು ಕತ್ತರಿಸುವಾಗ ಒತ್ತನ್ನೂ ಕತ್ತರಿಸಿ ಬೇರೆ ಸಾಲು ಮಾಡಿದೆ. ಇನ್ನೊಂದು ಕಡೆ "ಸ್ತ್ರಿ" ಎಂದಿತು. ಮನೆಯ ಬಲ ಅಂಚಿನಲ್ಲಿದ್ದ ದೀರ್ಘದ ಚಿಹ್ನೆಯನ್ನು ಯಂತ್ರ ಗೆರೆಯ ಜೊತೆಗೇ ಅಳಿಸಿಹಾಕಿದೆ. ಇಂಥವನ್ನೆಲ್ಲ ಅವಳು ಗುರುತು ಹಾಕಿಕೊಂಡಳು.

ಮುಂದಿನ ಕೋಷ್ಟಕದ ತಲೆಬರಹ ಬಂತು. "ವಷ ಒಂಬತ್ತು." ಅದರ ಪಕ್ಕದ ಮನೆ, "ಅ ಸೊನ್ನೆ ಶ."

ಅವಳ ಮೈ ಉರಿಯಿತು. ಇದೇ! ಹತ್ತನೇ ಇಯತ್ತೆಯಲ್ಲಿ ಅವಳು ಕೇಳಿದ್ದು ಇದನ್ನೇ. ಇದೇ ಒಂಬತ್ತು, ಇದೇ ಸೊನ್ನೆ. ಇಷ್ಟು ವರ್ಷವಾದರೂ ಇವರಿಗೆ ಬುದ್ಧಿ ಬಂದಿಲ್ಲ.

ಗುರುತು ಹಾಕಿದ್ದನ್ನೆಲ್ಲ ಒಪ್ಪಿಸಿದಾಗ ಮೇಲ್ವಿಚಾರಕ ಕನ್ನಡಕದಾಕೆಯನ್ನು ಕರೆದು ಪರದೆ ತೋರಿಸಿದ. ಅಕ್ಕಿ, ಹತ್ತಿಯ ಮಟ್ಟಿಗೆ "ಸಣ್ಣಪುಟ್ಟದ್ದು, ಕಣ್ತಪ್ಪು" ಎಂದು ಒಪ್ಪಿಕೊಂಡರು. ಆಮೇಲೆ ಅವನು ನಕ್ಕ.

"ಇಲ್ನೋಡಿ, 'ವರ್ಷ' ಅಂತ ಸರಿಯಾಗೇ ಇದೆ. 'ಅಂಶ'ನೂ ಸರಿಯಾಗೇ ಇದೆ. ಇಂಥ ನೂರಾರು ಮನೆ ತಪ್ಪು ಅಂದಿದ್ದೀರಿ, ಒಂದೂ ತಪ್ಪಲ್ಲ. ನಿಮ್ಮ ದನಿ ಯಂತ್ರ ಕೆಟ್ಟಿರಬೇಕು."

"ನಾನೂ ನೋಡ್ದೆ ಕಣ್ರೀ, ಸರಿ ಇದೆ" ಎಂದಳು ಕನ್ನಡಕದಾಕೆ, ತುಸು ಅಳುಕುತ್ತಲೇ.

"ನಿಮಗೆ ಸರಿ ಕಾಣತ್ತೆ. ಮಕ್ಕಳು ಕೇಳೋದು ಒಂಬತ್ತು, ಸೊನ್ನೆ!"

"ಅಯ್ಯೋ ಬಿಡಿ ಮೇಡಂ," ಅವನ ದನಿಯ ಬೆಲ್ಲ ಕರಗಿತು. "ಕಾಣದವರಿಗೆ ತಾನೇ? ಇಷ್ಟಾದ್ರೂ ಸಿಗ್ತಿದೆಯಲ್ಲ."

ಹೊರಗಿನ ಬೆಂಚು ಕಿರುಗುಟ್ಟಿತು. ಚಿಕ್ಕಮ್ಮ ಎದ್ದು ನಿಂತಿದ್ದಳು. ಅವಳು ಬಾಯಿ ತೆಗೆಯುವ ಮೊದಲೇ ಇವಳು ಕೈ ಎತ್ತಿ ತಡೆದಳು.

"ಸಾರ್, ನಿಮ್ಮ ಫೈಲಲ್ಲೇ ಹುಡುಕಿ. 'ವರ್ಷ' ಅಂತ ನೀವೇ ಟೈಪ್ ಮಾಡಿ."

ಕೀಲಿಗಳು ಟಕಟಕ ಎಂದವು. ಮತ್ತೆ ಟಕಟಕ, ಇನ್ನೂ ಜೋರಾಗಿ.

"ಸಿಗ್ತಿಲ್ಲ... ಕಣ್ಣೆದುರಿಗೇ ಇದೆಯಲ್ಲಾ!" ಎಂದಳು ಕನ್ನಡಕದಾಕೆ.

"ಅಲ್ಲಿರೋದು ವ, ಷ, ಆಮೇಲೆ ಒಂಬತ್ತರ ಅಂಕಿ. ಅರ್ಕಾವತ್ತೂ ಕನ್ನಡದ ಒಂಬತ್ತೂ ಒಂದೇ ಥರ ಕಾಣ್ತವೆ. ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ಹಾಗೇ. ಕೋಷ್ಟಕದಲ್ಲಿ ಸುತ್ತಲೂ ಅಂಕಿಗಳೇ ಇರೋದ್ರಿಂದ ಯಂತ್ರ ಇನ್ನೂ ಮೋಸ ಹೋಗತ್ತೆ. ಕಣ್ಣಿಂದ ಇದನ್ನ ಹಿಡಿಯೋಕಾಗಲ್ಲ. ಒತ್ತು ಹೋಗಿದ್ಯಾ ಅಂತ ಚಿತ್ರ ನೋಡೋಕೆ ನನಗೆ ಇವರು ಬೇಕು, ಇದಕ್ಕೆ ಇವರಿಗೆ ನಾನು ಬೇಕು."

ಮೇಲ್ವಿಚಾರಕ ಗಂಟಲು ಸರಿಮಾಡಿಕೊಂಡ. ದನಿಗೆ ಬೆಲ್ಲ ಮರಳಿತು. "ಬಹಳ ಉಪಯೋಗವಾಯ್ತು. ಕಾರಣ ಗೊತ್ತಾಯ್ತಲ್ಲ, ನಾವೇ ಮಾಡ್ಕೋತೀವಿ. ನಿಮ್ಮ ಕೆಲಸದ ವಿಚಾರ ಆಮೇಲೆ ನೋಡೋಣ."

"ಆಮೇಲೆ ಅಂದ್ರೆ?"

"ಆಮೇಲೆ ಅಂದ್ರೆ ಆಮೇಲೆ."

ಬಾವಿ ತೋಡಿದವಳನ್ನು ಬಾವಿಯ ಬಳಿಯಿಂದಲೇ ಓಡಿಸಿದ ಹಾಗಾಯಿತು. ಲ್ಯಾಪ್‌ಟಾಪು ಸಿಟ್ಟಿನಿಂದ ಮುಚ್ಚಿ ಅವಳು ಭುಜದ ಚೀಲಕ್ಕೆ ತುರುಕಿದಳು. ಬೆನ್ನ ಹಿಂದೆ ಅವನು ಕನ್ನಡಕದಾಕೆಗೆ ಉತ್ಸಾಹದಿಂದ ಹೇಳುತ್ತಿದ್ದ: "ಅಷ್ಟೇ ತಾನೇ? ಇರೋ ಒಂಬತ್ತನ್ನೆಲ್ಲ ಅರ್ಧ ರ ಮಾಡು, ಸೊನ್ನೆಯನ್ನೆಲ್ಲ ಅನುಸ್ವಾರ ಮಾಡು. ಒಂದೇ ಏಟಿಗೆ!"

"ಹಾಗೆ ಮಾಡ್ಬೇಡಿ ಸಾರ್!" ಅವಳು ಬಾಗಿಲಲ್ಲೇ ತಿರುಗಿ ಕೂಗಿದಳು. "ಒಂದೊಂದು ಮನೇನೂ ನೋಡಿ—"

"ನಮಗೂ ಗೊತ್ತು ಮೇಡಂ, ಹೋಗ್ಬನ್ನಿ."

ಹೊರಗೆ ಚಿಕ್ಕಮ್ಮ ಅವಳ ಕೈ ಹಿಡಿದಳು. "ನಿನ್ನಿಂದ ಕೆಲಸ ಮಾಡಿಸ್ಕೊಂಡು ಬರಿಗೈಲಿ ಕಳಿಸಿದ ನೋಡು! ಅವನ ಮನೆ ಹಾಳಾಗ. ನಡಿ ಮಗಳೇ."

ಎರಡು ಮಹಡಿ ಇಳಿದಿರಲಿಲ್ಲ, ಮೇಲಿಂದ ಚಪ್ಪಲಿ ಪಟಪಟ ಎಂದವು. ಕನ್ನಡಕದಾಕೆ ಏದುಸಿರು ಬಿಡುತ್ತ ಬಂದಳು. ಅವಳ ದನಿಯಲ್ಲಿ ಅಳುವಿತ್ತು.

"ಎಲ್ಲಾ ಹೋಯ್ತು ಕಣ್ರೀ! 'ವರ್ಷ' ಹೋಗಿ 'ವಷರ್' ಆಯ್ತು. ಕಾಲಂಗಳಲ್ಲಿದ್ದ ಅಂಕಿಯ ಒಂಬತ್ತೆಲ್ಲ ಅರ್ಧ ರ, ಸೊನ್ನೆಯೆಲ್ಲ ಅನುಸ್ವಾರ. ಅದನ್ನ ಹಾಗೇ ಉಳಿಸಿ ಫೈಲು ಮುಚ್ಚಿಬಿಟ್ರು ಆ ಸಾಹೇಬ್ರು! ಹಿಂದಕ್ಕೆ ಬದಲಾಯಿಸಿದ್ರೆ ಸರಿ ಇದ್ದ ಪದಗಳೂ ಕೆಡ್ತವೆ. ಹದಿನೈದು ದಿನ ಕತ್ತು ನೋವು ತಗೊಂಡು ತಿದ್ದಿದ್ದೆ."

ಹಿಂದೆಯೇ ಬೂಟಿನ ಸದ್ದು ಬಂತು. ಮೇಲ್ವಿಚಾರಕ ಈಗ ಬೆಲ್ಲವನ್ನೂ ಮರೆತಿದ್ದ. "ಮೇಡಂ, ನಿಮ್ಮ ಲ್ಯಾಪ್‌ಟಾಪಲ್ಲಿ ಹಾಕ್ಕೊಟ್ಟ ಫೈಲು... ಅದು ಇದೆ ತಾನೇ? ನಾಳೆ ಶಾಲೆಗೆ ಕಳಿಸ್ಬೇಕು. ಬೇರೆ ಪ್ರತಿ ಇಲ್ಲ."

ಇತ್ತು. ಇಡೀ ಪುಸ್ತಕವೂ ಇತ್ತು, ಅವಳು ಗುರುತು ಹಾಕಿದ ಪ್ರತಿಯೊಂದು ಮನೆಯೂ ಇತ್ತು. ಅವಳು ಭುಜದ ಚೀಲವನ್ನು ಎದೆಗೆ ಒತ್ತಿಕೊಂಡಳು. ಆ ಮಕ್ಕಳಿಗೆ ಇದು ಸರಿಯಾಗಿಯೇ ತಲುಪಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವನ ಕೈಯಿಂದ ಅಲ್ಲ.

"ಕೆಲಸದ ಆದೇಶ ಇವತ್ತೇ ಟೈಪ್ ಮಾಡಿ, ರುಜು ಹಾಕಿ, ನನ್ನ ಕಂಪ್ಯೂಟರಿಗೆ ಕಳಿಸಿ ಸಾರ್. ಕೇಳಿ ನೋಡ್ತೀನಿ. ಇವರ ಪಕ್ಕದ ಕುರ್ಚಿ ನಂದು. ನಾನು ಕೇಳದೆ ಯಾವ ಮನೆಯೂ ಹಸಿರಾಗಬಾರದು."

"ಆಯ್ತು, ಆಯ್ತು. ಮೊದಲು ಫೈಲು ಕೊಡಿ."

"ಫೈಲಾ?" ಎಂದಳು ಅವಳು, ಅಷ್ಟೇ ಬೆಲ್ಲ ಹಾಕಿ. "ಅದನ್ನ ಆಮೇಲೆ ನೋಡೋಣ."

ಚಿಕ್ಕಮ್ಮ ಮೆಟ್ಟಿಲ ಮೇಲೇ ಕೂತು ಜೋರಾಗಿ ನಕ್ಕಳು. ಕನ್ನಡಕದಾಕೆ ಕುರ್ಚಿ ತರಲು ಮೇಲಕ್ಕೆ ಓಡಿದಳು.