ರವಾನೆಯಾದ ಪರದೆ

ಕಿಟಕಿ ಪರದೆ ಹೊಲಿಯುವ ನಮ್ಮ ಅಂಗಡಿಯಲ್ಲಿ "ನನ್ನ ಆರ್ಡರ್ ಎಲ್ಲಿಗೆ ಬಂತು?" ಎಂಬ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅಕ್ಕನ ಗಂಟಲು ಒಣಗಿತ್ತು. ಅದಕ್ಕೇ ನಾನೊಂದು ಬಾಟ್ ಕಟ್ಟಿದೆ. ಗಿರಾಕಿ ಆರ್ಡರ್ ನಂಬರ್ ಕಳಿಸಿದರೆ ಅದು ಡೇಟಾಬೇಸ್‌ನಲ್ಲಿ ಹುಡುಕಿ, ಅಲ್ಲಿ ಏನಿದೆಯೋ ಅದನ್ನೇ ಮೆಸೇಜ್ ಮಾಡುತ್ತದೆ.

ಮೊದಲ ದಿನವೇ ಬೈಗುಳ ಬಂತು. ಬಾಟ್ "ರವಾನೆಯಾಗಿದೆ" ಎನ್ನುತ್ತಿತ್ತು; ಪರದೆ ಅಂಗಡಿಯ ಮೂಲೆಯಲ್ಲೇ ಬಿದ್ದಿತ್ತು. ಕೋಡನ್ನೆಲ್ಲ ಜಾಲಾಡಿ ಸುಸ್ತಾದೆ, ತಪ್ಪೇ ಇರಲಿಲ್ಲ. ನೋಡಿದರೆ, ವಿಳಾಸದ ಚೀಟಿ ಅಚ್ಚಾದ ಕೂಡಲೇ ಅಕ್ಕ ಕಂಪ್ಯೂಟರ್‌ನಲ್ಲಿ 'ರವಾನೆ' ಗುಂಡಿ ಒತ್ತಿಬಿಡುತ್ತಿದ್ದಳು.

"ಆಮೇಲೆ ಮರೆತುಹೋಗುತ್ತೆ ಕಣೋ. ಮೊದಲೆಲ್ಲ ಯಾರಾದ್ರೂ ಫೋನ್ ಮಾಡಿದ್ರೆ ಮೂಲೆ ನೋಡಿ ಹೇಳ್ತಿದ್ದೆ," ಎಂದಳು.

ಬಾಟ್‌ಗೆ ಮೂಲೆ ಎಲ್ಲಿಂದ ಕಾಣಬೇಕು? ರೋಸಿಹೋಗಿ 'ಕೊರಿಯರ್‌ನವರು ಒಯ್ದರು' ಎಂಬ ಇನ್ನೊಂದು ಗುಂಡಿ ಸೇರಿಸಿದೆ. ಅದನ್ನು ಒತ್ತುವ ತನಕ ಬಾಟ್ "ಇನ್ನೂ ಅಂಗಡಿಯಲ್ಲಿದೆ" ಎನ್ನಬೇಕು. ಅಕ್ಕನಿಗೆ ಬಿಡಿಸಿ ಬಿಡಿಸಿ ಹೇಳಿದೆ.

ಮರುದಿನ ಒಬ್ಬ ಹೆಂಗಸು ಮೊಬೈಲ್ ಹಿಡಿದು ಅಂಗಡಿಗೇ ಬಂದರು. "ಕೊರಿಯರ್‌ನವರು ಒಯ್ದರು ಅಂತಿದೆಯಲ್ರೀ, ಎಲ್ಲಿ?"

ಅವರ ಪರದೆಯನ್ನು ಅಕ್ಕ ಇನ್ನೂ ಮಡಚುತ್ತಿದ್ದಳು. ನಾನು ಅವಳ ಮುಖ ನೋಡಿದೆ.

"ಎರಡೂ ಗುಂಡಿ ಒಟ್ಟಿಗೇ ಒತ್ತಿದೆ ಕಣೋ," ಎಂದಳು. "ಎರಡೆರಡು ಸಲ ಯಾರು ಎದ್ದು ಬರ್ತಾರೆ?"