ನಲವತ್ತೊಂದು ದಿನ ಆರದ ಕಂಪ್ಯೂಟರು

ತಗಡು ಒತ್ತುವ ನಾಲ್ಕನೇ ನಂಬರಿನ ಪ್ರೆಸ್ಸು ಮಹಾದೇವಿಯ ಬಲಗೈಯ ಎರಡು ಬೆರಳು ಕತ್ತರಿಸಿತು. ಕಂಪನಿಯ ರಿಜಿಸ್ಟರಿನಲ್ಲಿ ಕೆಲಸಗಾರ್ತಿಯ ಅಜಾಗರೂಕತೆ ಎಂದು ಬರೆದರು. ಅದರ ಕೆಳಗೆ ಆಸ್ಪತ್ರೆಯ ಮಂಚದಲ್ಲೇ ಅವಳ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಇತ್ತ ನಲವತ್ತು ನಿಮಿಷದಲ್ಲಿ ಪ್ರೆಸ್ಸನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸಿ, ನಿಂಬೆಹಣ್ಣು ಕುಯ್ದು, ಅವಳ ಜಾಗದಲ್ಲಿ ಕೆಲಸಕ್ಕೆ ಮರೆವ್ವನನ್ನು ಕೂರಿಸಿದರು.

ಹನ್ನೊಂದು ದಿನದ ಮೇಲೆ ಟಿ. ದಾಸರಹಳ್ಳಿಯಿಂದ ದೀಪಶ್ರೀ ಬಂದಳು. ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳ ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಹುಡುಗಿ. ಮಧ್ಯಾಹ್ನ ಮೂರಕ್ಕೆ ಕಾರ್ಖಾನೆ ಇಲಾಖೆಯ ಅಧಿಕಾರಿ ಬರುತ್ತಾರೆ, ಅಷ್ಟರೊಳಗೆ ನಾಲ್ಕನೇ ಪ್ರೆಸ್ಸಿನ ಕಂಪ್ಯೂಟರಿಗೆ ಸುರಕ್ಷತೆಯ ಹೊಸ ಪ್ರೋಗ್ರಾಂ ಹಾಕಿಕೊಡಬೇಕು ಎಂದು ಮ್ಯಾನೇಜರ್ ಶಿವಶಂಕರ್ ಫೋನಿನಲ್ಲೇ ಹೇಳಿದ್ದ.

ಊಟದ ಗಂಟೆ ಹೊಡೆದು ಪ್ರೆಸ್ಸುಗಳು ನಿಂತಿದ್ದವು. ಕೀಬೋರ್ಡಿನ ಮೇಲೆ ಎಣ್ಣೆ ಹೆಪ್ಪುಗಟ್ಟಿ, ಅಕ್ಷರಗಳೇ ಕಾಣುತ್ತಿರಲಿಲ್ಲ. ಅದರ ಸಂದಿಗಳಲ್ಲಿ ಕಬ್ಬಿಣದ ಪುಡಿ, ಯಾರೋ ತಿಂದು ಉದುರಿಸಿದ ಖಾರಾಬೂಂದಿ. ದೀಪಶ್ರೀ ಕರ್ಚೀಫಿನಲ್ಲಿ ಒರೆಸಿ, ಆಮೇಲೆ ಆ ಕರ್ಚೀಫನ್ನೇ ಬಿಸಾಡಿದಳು.

ಸೆಟಪ್ ಓಡಿಸಿದಳು. ಅರ್ಧ ನಿಮಿಷಕ್ಕೆ ಅದು ನಿಂತಿತು. ಹಿಂದಿನ ಒಂದು ಅಳವಡಿಕೆ ರೀಸ್ಟಾರ್ಟ್‌ಗಾಗಿ ಕಾಯುತ್ತಿದೆ, ಅದು ಮುಗಿಯದೆ ಮುಂದೆ ಹೋಗಲಾಗದು ಎಂದಿತು.

ಲೈನ್ ಸೂಪರ್‌ವೈಸರ್ ಸಿದ್ರಾಮ ಪಕ್ಕದಲ್ಲೇ ನಿಂತಿದ್ದ. ರಾಯಚೂರು ಕಡೆಯವನು, ಒಂಬತ್ತು ವರ್ಷದಿಂದ ಇಲ್ಲೇ ಇದ್ದವನು. ಇದನ್ನು ರೀಸ್ಟಾರ್ಟ್ ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದಳು.

“ದಿನಾ ಸಂಜಿಕ ನಾನ ಆಫ್ ಮಾಡಿ ಹೋಗ್ತೀನ್ರಿ ಮೇಡಂ. ಒಂದಿನಾನೂ ತಪ್ಪಿಲ್ರಿ.”

ಅವಳೂ ಒಮ್ಮೆ ಶಟ್‌ಡೌನ್ ಮಾಡಿಸಿ, ಗುಂಡಿ ಒತ್ತಿ ಮತ್ತೆ ಹೊತ್ತಿಸಿದಳು. ಸೆಟಪ್ ಅದೇ ಮಾತು ಹೇಳಿತು. ಟಾಸ್ಕ್ ಮ್ಯಾನೇಜರ್ ತೆರೆದು, ಕಂಪ್ಯೂಟರು ಎಷ್ಟು ಹೊತ್ತಿನಿಂದ ಎಚ್ಚರವಿದೆ ಎಂದು ನೋಡಿದಳು. ನಲವತ್ತೊಂದು ದಿನ.

ಈಗಷ್ಟೇ ಆರಿಸಿ ಹೊತ್ತಿಸಿದ ಯಂತ್ರ. ಸಿದ್ರಾಮ ಬಾಗಿ ನೋಡಿ ನಕ್ಕ, ಆಮೇಲೆ ಅವನ ನಗು ನಿಂತಿತು. ಅವಳು ವಿವರಿಸಿದಳು. ಬೇಗ ಹೊತ್ತಿಕೊಳ್ಳಲೆಂದು ವಿಂಡೋಸಿನಲ್ಲಿ ಒಂದು ಏರ್ಪಾಡು ಇರುತ್ತದೆ. ಅದು ಇದ್ದರೆ ಶಟ್‌ಡೌನ್ ಎಂದರೂ ಒಳಗಿನ ತಿರುಳು ಪೂರ್ತಿ ಆರುವುದಿಲ್ಲ; ಇದ್ದ ಸ್ಥಿತಿಯನ್ನೇ ಡಿಸ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ರೀಸ್ಟಾರ್ಟ್ ಎಂದು ಒತ್ತಿದರೆ ಮಾತ್ರ ಎಲ್ಲ ಮೊದಲಿಂದ ಶುರು. ಬಳಕೆಯಲ್ಲಿರುವ ಫೈಲನ್ನು ಓಡುತ್ತಿರುವಾಗ ಬದಲಿಸಲಾಗದು; ಆದ್ದರಿಂದ ಹೊಸ ಫೈಲನ್ನು ಬೇರೆ ಹೆಸರಲ್ಲಿಟ್ಟು, ಮುಂದಿನ ಸಲ ಹೊಸದಾಗಿ ಶುರುವಾದಾಗ ಹೆಸರು ಬದಲಿಸಿ ಹಳೆಯದರ ಜಾಗದಲ್ಲಿಡು ಎಂದು ಒಂದು ಪಟ್ಟಿಯಲ್ಲಿ ಬರೆದಿಡುತ್ತಾರೆ. ಆ ಹೊಸ ಶುರು ಇಲ್ಲಿ ಆಗಿಯೇ ಇಲ್ಲ.

ವಿಂಡೋಸ್ ತನ್ನ ಲೆಕ್ಕ ಬರೆದಿಡುವ ರಿಜಿಸ್ಟ್ರಿಯಲ್ಲಿ ಆ ಪಟ್ಟಿ ತೆರೆದಳು. ಎರಡೆರಡು ಸಾಲಿನ ಜೋಡಿಗಳು: ಮೇಲಿನದು ಕಾಯುತ್ತಿರುವ ಫೈಲು, ಕೆಳಗಿನದು ಅದು ಹೋಗಿ ಕೂರಬೇಕಾದ ಜಾಗ. ಕೆಳಗಿನ ಸಾಲಿನ ಮೊದಲಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಅಲ್ಲಿರುವುದನ್ನು ತೆಗೆದು ಇದನ್ನಿಡು ಎಂದು ಅದರರ್ಥ. ಮೊದಲ ಜೋಡಿಯೇ ಪ್ರೆಸ್ಸಿನ ಬೆಳಕಿನ ತಡೆಯನ್ನು ನಡೆಸುವ ಪ್ರೋಗ್ರಾಂ, ಅದರ ಡ್ರೈವರ್.

ಪ್ರೆಸ್ಸಿನ ಬಾಯಿಯ ಮುಂದೆ ಕಣ್ಣಿಗೆ ಕಾಣದ ಬೆಳಕಿನ ಗೆರೆಗಳಿರುತ್ತವೆ. ಕೈ ಅಡ್ಡ ಬಂದರೆ ಪ್ರೆಸ್ಸು ನಿಲ್ಲಬೇಕು. ಆ ಸುದ್ದಿ ಒಯ್ಯುವ ತಂತಿ ನೇರ ಪ್ರೆಸ್ಸಿಗೇ ಹೋಗಬೇಕು. ಇಲ್ಲಿ ಖರ್ಚು ಉಳಿಸಲು ಕಂಪ್ಯೂಟರಿನೊಳಗಿನ ಒಂದು ಕಾರ್ಡಿನ ಮೂಲಕ ಹಾಯಿಸಿದ್ದರು. ಹಳೆಯ ಡ್ರೈವರ್ ಕ್ಷಣಮಾತ್ರ ಅಡ್ಡ ಬಂದ ಕೈಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದನ್ನು ಸರಿಪಡಿಸಲೆಂದೇ ಹೊಸದು ಬಂದಿತ್ತು.

ಕಾಯುತ್ತಿರುವ ಫೈಲು ಯಾವತ್ತು ಬಂದು ಕೂತಿತು ಎಂದು ನೋಡಿದಳು. ಇಪ್ಪತ್ಮೂರು ದಿನದ ಹಿಂದೆ. ಮಹಾದೇವಿಯ ಬೆರಳು ಹೋಗುವುದಕ್ಕೆ ಹನ್ನೆರಡು ದಿನ ಮೊದಲು.

ಅವಳು ರೀಸ್ಟಾರ್ಟ್ ಕಡೆಗೆ ಮೌಸ್ ಒಯ್ದಾಗ ಸಿದ್ರಾಮನ ಕೈ ತಾನಾಗಿ ಅಡ್ಡ ಬಂತು. ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿ ತೋರಿಸಿದ. ‘ಶಟ್‌ಡೌನ್ ಮಾತ್ರ’ ಎಂದು ಬರೆದಿತ್ತು, ಶಿವಶಂಕರನ ಅಕ್ಷರ. ಬೆಳಕಿನ ತಡೆ ಮಾರಿದ ಕಂಪನಿಯ ಎಂಜಿನಿಯರ್ ಮೊದಲು ಐದನೇ ಪ್ರೆಸ್ಸಿನಲ್ಲಿ ಹೊಸದನ್ನು ಹಾಕಿ, ರೀಸ್ಟಾರ್ಟ್ ಮಾಡಿ ತೋರಿಸಿದ್ದನಂತೆ. ಬೆರಳ ತುದಿ ಒಳಗಿದ್ದರೂ ಪ್ರೆಸ್ಸು ನಿಲ್ಲುತ್ತಿತ್ತು. ಆ ದಿನ ಪೀಸು ಕಮ್ಮಿ ಬಂದವು. ನಾಲ್ಕನೇ ಪ್ರೆಸ್ಸಿನಲ್ಲೂ ಹಾಕಿ, ರೀಸ್ಟಾರ್ಟ್ ಮಾಡಿದರೆ ಸಾಕು ಎಂದು ಹೇಳಿ ಅವನು ಹೋದ. ಅವನ ಬೈಕು ಗೇಟು ದಾಟುವ ಮೊದಲೇ ಚೀಟಿ ಅಂಟಿತು.

ದೀಪಶ್ರೀ ಪಟ್ಟಿಯನ್ನು ತನ್ನ ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಫೈಲಿನ ದಿನಾಂಕದ, ನಲವತ್ತೊಂದು ದಿನದ ಫೋಟೋ ತೆಗೆದುಕೊಂಡಳು. ಅಷ್ಟರಲ್ಲಿ ಶಿವಶಂಕರ್ ಹಲ್ಲಿನ ಸಂದಿ ಕೆದಕುತ್ತ ಬಂದ. ಬಗಲಲ್ಲಿ ಹೊಸ ಕೈಗವಸುಗಳ ಕಟ್ಟು ಇತ್ತು, ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ. ಅಧಿಕಾರಿ ಹೋಗುವವರೆಗೆ ಹಾಕಿಕೊಳ್ಳಿ, ಆಮೇಲೆ ಸ್ಟೋರಿಗೆ ವಾಪಸ್ ಕೊಡಿ ಎಂದು ಬೆಂಚಿನ ಮೇಲೆ ಎಸೆದ. ಸ್ಕ್ರೀನ್ ನೋಡಿದ. ಅವನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ.

“ಏನಮ್ಮಾ, ಆ ಪಟ್ಟಿ ಅಳಿಸಿಬಿಟ್ರೆ ಸೆಟಪ್ ಮುಂದೆ ಹೋಗುತ್ತಲ್ವಾ? ನೆಟ್ಟಲ್ಲಿ ಹಂಗೇ ಬರ್ದವ್ರೆ.”

“ಹೋಗುತ್ತೆ ಸಾರ್. ಆದ್ರೆ ಡ್ರೈವರ್ ಹಳೇದೇ ಉಳ್ಕೊಳುತ್ತೆ. ಅದನ್ನ ಬದಲಾಯಿಸ್ಬೇಕು ಅನ್ನೋದೇ ವಿಂಡೋಸ್‌ಗೆ ಮರ್ತೋಗುತ್ತೆ. ಮೇಲೆ ಮಾತ್ರ ಎಲ್ಲ ಸರಿಯಾಗಿದೆ ಅಂತ ತೋರ್ಸುತ್ತೆ.”

“ಅಷ್ಟೇ ನನಗೂ ಬೇಕಾಗಿರೋದು. ಅಳಿಸಮ್ಮ.”

ಅವನ ಬಾಯಿಂದ ಬಂದ ಅಡಿಕೆ ಚೂರೊಂದು ಸ್ಕ್ರೀನಿಗೆ ಅಂಟಿತು. ರೀಸ್ಟಾರ್ಟ್ ಮಾಡಿದರೆ ಹತ್ತೇ ನಿಮಿಷ, ಡ್ರೈವರೂ ಬದಲಾಗುತ್ತದೆ, ಸೆಟಪ್ಪೂ ಮುಗಿಯುತ್ತದೆ, ತಾನು ಮಾಡುವುದು ಅದನ್ನೇ ಎಂದಳು ದೀಪಶ್ರೀ. ಅವನು ಅವಳ ಕಂಪನಿಗೆ ಫೋನ್ ಹಚ್ಚಿ, ಲೌಡ್‌ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಕಸ್ಟಮರ್ ಹೇಳಿದ್ದು ಮಾಡಮ್ಮ ಎಂಬ ಸುಸ್ತಾದ ದನಿ ಬಂತು. ಅವಳು ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಪಟ್ಟಿ ಸ್ಕ್ರೀನಿನ ಮೇಲೆ ಹಾಗೇ ಇತ್ತು.

ಶಿವಶಂಕರ್ ಮೌಸ್ ಮುಟ್ಟಲಿಲ್ಲ. ಅವನು ಯಾವ ಯಂತ್ರವನ್ನೂ ಮುಟ್ಟಿದವನಲ್ಲ. ಪ್ರೆಸ್ಸು ಬೇರೆಯವರ ಕೈ, ರಿಜಿಸ್ಟರಿನ ಬರಹ ಬೇರೆಯವರ ಕೈ, ಹೆಬ್ಬೆಟ್ಟೂ ಬೇರೆಯವಳದು. ಆ ದಿನ ಆಸ್ಪತ್ರೆಯಲ್ಲಿ ಮಹಾದೇವಿಯ ಎಡಗೈ ಹಿಡಿದು ಇಂಕಿನ ಪ್ಯಾಡಿಗೆ ಒತ್ತಿದ್ದು ಸಿದ್ರಾಮ. ನೀನೂ ಅವಳ ಊರಿನ ಕಡೆಯವನು, ನೀನು ಹೇಳಿದರೆ ಕೇಳುತ್ತಾಳೆ ಎಂದು ಇದೇ ಶಿವಶಂಕರ್ ಕಳಿಸಿದ್ದ. ಅವಳು ಏನು ಬರೆದಿದೆ ಎಂದು ಕೇಳಿದ್ದಳು. ಸಿದ್ರಾಮ ಅವಳ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿದ್ದ.

“ಸಿದ್ರಾಮ, ನೀನು ಕೂತ್ಕೊಳೋ. ಡಿಲೀಟ್ ಒತ್ತು. ಒಂದು ಗುಂಡಿ ಅಷ್ಟೆ.”

ಊಟ ಮುಗಿದ ಗಂಟೆ ಹೊಡೆಯಿತು. ಮರೆವ್ವ ಬುತ್ತಿ ತೊಳೆದ ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ನಾಲ್ಕನೇ ಪ್ರೆಸ್ಸಿನ ಕಡೆ ಬಂದಳು. ಸಿದ್ರಾಮ ಕೈ ಅಡ್ಡ ಮಾಡಿ ಅವಳನ್ನು ಸ್ಟೂಲಿನ ಹತ್ತಿರವೇ ತಡೆದ. ಆಮೇಲೆ ಮಾನಿಟರಿನ ಅಂಚಿನ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ಮೂರಕ್ಕ ಸಾಹೇಬ್ರು ಬರ್ತಾರಲ್ರಿ. ಪಟ್ಟಿ ಅವ್ರು ನೋಡ್ಲಿ. ಆಮ್ಯಾಗ ಮೇಡಂ ರೀಸ್ಟಾರ್ಟ್ ಮಾಡ್ತಾರ. ಅಲ್ಲೀತನಕ ಈ ಪ್ರೆಸ್ಸಿಗೆ ಯಾರೂ ಕೂಡಂಗಿಲ್ಲ.”

“ನಿಂಗೆ ಹೇಳಿದ್ದು ಡಿಲೀಟ್ ಒತ್ತು ಅಂತ.”

“ಒತ್ತಂಗಿಲ್ರಿ,” ಎಂದ ಸಿದ್ರಾಮ.