ಹದಿನಾಲ್ಕು ಸೆಕೆಂಡಿನ ವಿಡಿಯೋ ಮತ್ತು ಬ್ರೇಕ್ ಮೇಡಂ

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದರ ಮೇಲೆ, ನನಗಿಂತ ಆರು ವರ್ಷ ಚಿಕ್ಕವಳನ್ನು ತಂದು ನನ್ನ ತಲೆಯ ಮೇಲೆ ಕೂರಿಸಿದ್ದರು. ನಮ್ಮದು ಮಕ್ಕಳ ಸೈಕಲ್ ಮಾಡುವ ಕಂಪನಿ. ಪ್ರಚಾರ ವಿಭಾಗಕ್ಕೆ ಆಕೆ ಮುಖ್ಯಸ್ಥೆ, ನಾನು ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವನು. ಏನು ತಂದು ತೋರಿಸಿದರೂ "ಸ್ವಲ್ಪ ತಡೀರಿ" ಅನ್ನುತ್ತಿದ್ದರು. ಅದಕ್ಕೇ ನಾನು ಬ್ರೇಕ್ ಮೇಡಂ ಎಂದು ಹೆಸರಿಟ್ಟೆ. ಹೆಸರು ಆಫೀಸಿನಲ್ಲೆಲ್ಲ ಹಬ್ಬಿತು, ಅವರ ಕಿವಿಗೂ ಬಿತ್ತು. ಅವರು ನಕ್ಕು ಸುಮ್ಮನಾದರು. ನಗದೆ ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಬೇಸಿಗೆಯ ನಮ್ಮ ಜಾಹೀರಾತಿನ ಮುಖ ಒಬ್ಬ ಹೆಸರಾಂತ ಓಟಗಾರ್ತಿ. ದೇಶಕ್ಕೆ ಪದಕ ತಂದವರು, ನಿವೃತ್ತಿಯ ನಂತರ ಒಂದು ಶಾಲೆಯ ಮಕ್ಕಳಿಗೆ ಪುಕ್ಕಟೆಯಾಗಿ ಓಟ ಕಲಿಸುತ್ತಿದ್ದವರು. ಟಿವಿ, ಬಸ್ ನಿಲ್ದಾಣ, ಅಂಗಡಿಯ ಗಾಜು, ಎಲ್ಲಿ ನೋಡಿದರೂ ಸೈಕಲ್ ಕಲಿಯುವ ಮಗುವಿನ ಹಿಂದೆ ಅವರ ನಗುಮುಖ. ಪ್ರಚಾರ ಶುರುವಾಗಿ ಮೂರು ವಾರವಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವಿಡಿಯೋ ಹೊರಬಂತು. ಬರೀ ಹದಿನಾಲ್ಕು ಸೆಕೆಂಡು. ಶಾಲೆಯ ಮೈದಾನದಲ್ಲಿ ರಿಲೇ ಓಟದ ಕೋಲು ಕೆಳಗೆ ಬೀಳಿಸಿದ ಹುಡುಗಿಯೊಬ್ಬಳ ತೋಳು ಹಿಡಿದು ಓಟಗಾರ್ತಿ ಎಳೆದಾಡುತ್ತಾರೆ, "ನಿನ್ನಂಥವಳು ಮನೇಲೇ ಇರು" ಎಂದು ಕಿರುಚುತ್ತಾರೆ. ಹುಡುಗಿಯ ಮುಖ ಸ್ಪಷ್ಟವಾಗಿ ಕಾಣುತ್ತದೆ. ಹತ್ತು ಗಂಟೆಯ ಹೊತ್ತಿಗೆ ಜನ ನಮ್ಮ ಪುಟಕ್ಕೆ ಬಂದು ಉಗಿಯತೊಡಗಿದರು.

ಬ್ರೇಕ್ ಮೇಡಂ ಬಂದವರೇ ಬ್ಯಾಗು ಕೆಳಗಿಡುವ ಮೊದಲೇ ಕೆಲಸ ಹಂಚಿದರು. ಹಣ ಕೊಟ್ಟು ಓಡಿಸುತ್ತಿದ್ದ ಜಾಹೀರಾತೆಲ್ಲ ನಿಲ್ಲಬೇಕು. ಟಿವಿಯಲ್ಲಿ ಕಾದಿರಿಸಿದ ಸಮಯಕ್ಕೆ ಬರೀ ಸೈಕಲ್ ತೋರಿಸುವ ಹಳೆಯ ಚಿತ್ರ ಹೋಗಬೇಕು. ಅಂಗಡಿಯವರಿಗೂ ಗ್ರಾಹಕರ ಫೋನ್ ಎತ್ತುವವರಿಗೂ ಒಂದೇ ಉತ್ತರ: "ವಿಡಿಯೋ ನೋಡಿದ್ದೇವೆ, ವಿಚಾರಿಸುತ್ತಿದ್ದೇವೆ, ಅಲ್ಲಿಯವರೆಗೆ ಜಾಹೀರಾತು ನಿಲ್ಲಿಸಿದ್ದೇವೆ." ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹುಡುಗಿ ಅಪ್ರಾಪ್ತಳು ಎಂದು ವಿಡಿಯೋ ಇದ್ದ ಕಡೆಯಲ್ಲೆಲ್ಲ ದೂರು ಕೊಡಬೇಕು.

ನಾನು ಜಾಹೀರಾತು ನಿಲ್ಲಿಸಿದೆ, ದೂರು ಕೊಟ್ಟೆ. ಹೋದ ವಾರವೇ ಟೈಮ್ ಹಾಕಿಟ್ಟಿದ್ದ ಪೋಸ್ಟನ್ನು ಮರೆತೆ. ಹನ್ನೊಂದಕ್ಕೆ ಸರಿಯಾಗಿ ಅದು ತಾನಾಗಿಯೇ ಹೊರಬಿತ್ತು: ಮಗುವಿನ ಕೈ ಹಿಡಿದ ಓಟಗಾರ್ತಿ, ಕೆಳಗೆ ದೊಡ್ಡಕ್ಷರದಲ್ಲಿ "ಹಿಡಿದ ಕೈ ಬಿಡುವುದಿಲ್ಲ". ನಾಲ್ಕು ನಿಮಿಷದಲ್ಲಿ ತೆಗೆದೆ. ಅಷ್ಟರಲ್ಲಿ ಊರೆಲ್ಲ ಅದರ ಫೋಟೋ ಹಿಡಿದಿಟ್ಟುಕೊಂಡಿತ್ತು. ಇಪ್ಪತ್ತು ವರ್ಷದ ಅನುಭವ ಎಂದು ಎದೆ ತಟ್ಟಿಕೊಳ್ಳುತ್ತಿದ್ದವನು ನಾನು.

ಯಜಮಾನರು ನಮ್ಮಿಬ್ಬರನ್ನೂ ಕರೆಸಿದರು. ಎಪ್ಪತ್ತು ದಾಟಿದ ಮನುಷ್ಯ, ಕಂಪನಿಯನ್ನು ಸ್ವಂತ ಕೈಯಿಂದ ಕಟ್ಟಿದವರು.

"ಯಾರು ಆ ಪೋಸ್ಟ್ ಬಿಟ್ಟ ಕತ್ತೆ?"

ಮೇಡಂ ಹೇಳಿದರು, "ವಾರದ ಪೋಸ್ಟುಗಳ ಪಟ್ಟಿಗೆ ಸಹಿ ಹಾಕೋದು ನಾನು ಸರ್. ಬೆಳಿಗ್ಗೆ ಆ ಪಟ್ಟಿ ತೆಗೆದು ನೋಡಬೇಕಿತ್ತು. ನೋಡಲಿಲ್ಲ."

ನನ್ನತ್ತ ತಿರುಗಿಯೂ ನೋಡಲಿಲ್ಲ. ಅವತ್ತು ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ಸಂಜೆ ಐದರೊಳಗೆ ಇದು ಮುಗೀಬೇಕು," ಎಂದರು ಯಜಮಾನರು. "ಒಂದೋ ಅವಳನ್ನ ಕಿತ್ತು ಹಾಕಿ. ಇಲ್ಲಾ, ಆ ಹುಡುಗಿಗೆ ಒಂದು ಸೈಕಲ್ ಕೊಡ್ಸಿ, ಇಬ್ಬರನ್ನೂ ತಬ್ಬಿಸಿ ವಿಡಿಯೋ ಹಾಕಿ. ಎರಡೂ ಆಗಲ್ಲ ಅಂದ್ರೆ ನಿಮ್ಮ ಕುರ್ಚಿಗೆ ಬೇರೆಯವರನ್ನ ಹುಡುಕ್ತೀನಿ."

"ಕರಾರಿನಲ್ಲಿ ಮೂರನೇ ದಾರಿ ಇದೆ ಸರ್. ರದ್ದು ಮಾಡದೆಯೇ ಅವರ ಮುಖ ಬಳಸೋದನ್ನ ನಿಲ್ಲಿಸಬಹುದು. ವಕೀಲರ ಹತ್ರ ಮಾತಾಡಿದೀನಿ. ಮೊದಲು ಓಟಗಾರ್ತಿಯನ್ನೇ ಕೇಳಿ ಬರ್ತೀನಿ."

ನಾವಿಬ್ಬರೂ ಹೋದಾಗ ಓಟಗಾರ್ತಿಯ ಮನೆಯಲ್ಲಿ ಅವರ ಮ್ಯಾನೇಜರ್ ಒಂದು ಹೇಳಿಕೆ ಸಿದ್ಧಮಾಡಿಕೊಂಡು ಕೂತಿದ್ದ: 'ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ.' ಮೇಡಂ ಓದಿ ಮಡಚಿ ಹಿಂದಕ್ಕೆ ಕೊಟ್ಟರು. ಓಟಗಾರ್ತಿಯನ್ನೇ ಕೇಳಿದರು, "ವಿಡಿಯೋದಲ್ಲಿರೋದು ನಿಜಾನಾ?"

"ನಿಜ," ಎಂದರು ಆಕೆ. ಕಣ್ಣು ಊದಿತ್ತು. "ಹಿಂದೆ ಮುಂದೆ ಏನೂ ಕತ್ತರಿಸಿಲ್ಲ. ನಾನು ಹಾಗೇ ಅಂದೆ."

"ಹಾಗಾದ್ರೆ ಊರಿಗೆ ಆಮೇಲೆ ಹೇಳೋಣ. ಮೊದಲು ಆ ಮಗೂಗೆ ಹೇಳಿ."

ಶಾಲೆಯವರ ಮೂಲಕ ಹುಡುಗಿಯ ತಾಯಿಯನ್ನು ಕೇಳಿ, ಆಕೆ ಬನ್ನಿ ಎಂದ ಮೇಲೆಯೇ ಮೂವರೂ ಹೊರಟೆವು. ಕಾರಿನಿಂದ ಇಳಿಯುವಾಗ ನಾನು ಫೋನ್ ತೆಗೆದೆ, ಅಭ್ಯಾಸಬಲ. "ಅದು ಕಾರಲ್ಲೇ ಇರ್ಲಿ," ಎಂದರು ಮೇಡಂ.

ತಾಯಿ ದರ್ಜಿ. ಒಂದೇ ಕೋಣೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಮೊಳೆಗೆ ನೇತುಹಾಕಿದ ಅರ್ಧ ಹೊಲಿದ ಸಮವಸ್ತ್ರಗಳು. ಆಕೆ ನಮ್ಮನ್ನು ಕೂರಿ ಅನ್ನಲಿಲ್ಲ. ಓಟಗಾರ್ತಿ ಬಾಗಿಲಲ್ಲೇ ನಿಂತು, ತಾಯಿಯ ಹಿಂದೆ ಅಡಗಿದ್ದ ಹುಡುಗಿಗೆ ಹೇಳಿದರು, "ಪುಟ್ಟಿ, ತಪ್ಪು ನಂದು. ಕೋಲು ಯಾರ ಕೈಯಿಂದಲೂ ಬೀಳುತ್ತೆ, ನನ್ನ ಕೈಯಿಂದಲೂ ಬಿದ್ದಿದೆ. ನಾನು ನಿನ್ನ ಮೈ ಮುಟ್ಟಬಾರದಿತ್ತು, ಹಾಗೆ ಅನ್ನಲೂಬಾರದಿತ್ತು."

ಹುಡುಗಿ ತಾಯಿಯ ಬೆನ್ನ ಹಿಂದಿನಿಂದ ಇಣುಕಿ ಕೇಳಿದಳು, "ಇನ್ನು ಮೇಲೆ ನನಗೆ ಓಟ ಕಲಿಸಲ್ವಾ?"

ಓಟಗಾರ್ತಿ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತರು.

ತಾಯಿ ಮಾತ್ರ ಅಳಲಿಲ್ಲ. "ನಿಮ್ಮ ಕ್ಷಮೆ ನನಗೇನೂ ಬೇಡ," ಎಂದಳು. "ಬೆಳಿಗ್ಗೆಯಿಂದ ಯಾರ್ಯಾರೋ ಇವಳ ಮುಖ ನೋಡ್ತಿದಾರೆ. ನೀವಾದ್ರೂ ಇನ್ನೊಂದ್ಸಲ ತೋರಿಸ್ಬೇಡಿ. ಅಷ್ಟೇ."

ಮೇಡಂ ಬ್ಯಾಗಿನಿಂದ ಎರಡು ಹಾಳೆ ತೆಗೆದು, ಯಂತ್ರದ ಹಲಗೆಯ ಮೇಲಿಟ್ಟು ಬರೆದರು: ಈ ಮಗುವಿನ ಹೆಸರು, ಮುಖ, ಶಾಲೆ, ಯಾವುದನ್ನೂ ಕಂಪನಿ ಎಂದೂ ಎಲ್ಲಿಯೂ ಬಳಸುವುದಿಲ್ಲ. ಎರಡಕ್ಕೂ ಸಹಿ ಹಾಕಿ ಒಂದನ್ನು ತಾಯಿಗೆ ಕೊಟ್ಟರು.

ಐದಕ್ಕೆ ಐದು ನಿಮಿಷವಿರುವಾಗ ಯಜಮಾನರ ಮುಂದೆ ನಿಂತೆವು. ಓಟಗಾರ್ತಿ ತಮ್ಮದೇ ಮಾತಿನಲ್ಲಿ ತಪ್ಪೊಪ್ಪಿಕೊಂಡು ಬರೆದ ನಾಲ್ಕು ಸಾಲನ್ನು ಮೇಡಂ ತೋರಿಸಿದರು. ಅದು ಅವರ ಪುಟದಲ್ಲೇ ಬರಲಿ, ನಾವು ಅವರ ಮುಖವನ್ನು ಈ ಬೇಸಿಗೆಯಿಡೀ ಬಳಸುವುದು ಬೇಡ, ಮುಂದಿನದನ್ನು ಆಮೇಲೆ ನೋಡೋಣ ಎಂದರು.

"ಸೈಕಲ್ ಕೊಟ್ಟ ವಿಡಿಯೋ ಎಲ್ಲಿ?"

"ಮಾಡಲಿಲ್ಲ ಸರ್."

ಯಜಮಾನರು ನನ್ನ ಕಡೆ ತಿರುಗಿದರು. "ಪಾಸ್‌ವರ್ಡ್ ನಿಮ್ಮ ಹತ್ರ ಇದೆಯಲ್ಲ? ಈಗಲೇ ಹೋಗಿ, ಮಾಡಿ ಹಾಕಿ. ಇವರ ಕುರ್ಚಿ ನಾಳೆ ನಿಮ್ಮದು."

ಆರು ವರ್ಷದಿಂದ ಕಾದಿದ್ದ ಕುರ್ಚಿ. "ಪಾಸ್‌ವರ್ಡ್ ಇದೆ ಸರ್," ಎಂದೆ. "ಆದ್ರೆ ಕೈ ಬರಲ್ಲ. ಬೆಳಿಗ್ಗೆ ಆ ಪೋಸ್ಟ್ ಬಿಟ್ಟ ಕತ್ತೆಯೂ ನಾನೇ."

ಮೇಡಂ ಹಾಳೆಯನ್ನು ಮೇಜಿನ ಮೇಲಿಟ್ಟರು. "ಇದರ ಇನ್ನೊಂದು ಪ್ರತಿ ಆ ತಾಯಿ ಹತ್ರ ಇದೆ ಸರ್. ಕಂಪನಿ ಪರವಾಗಿ ನಿಮ್ಮನ್ನ ಕೇಳದೆ ಬರೆದೆ, ಅದು ನನ್ನ ತಪ್ಪು. ಈ ಮಾತು ಮುರೀಬೇಕು ಅಂದ್ರೆ ಮೊದಲು ನನ್ನನ್ನ ತೆಗೆದುಬಿಡಿ."

ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು.

"ಬೇರೆ ಏನೂ ಕೇಳಲಿಲ್ವಾ ಆಕೆ? ಒಂದು ಸೈಕಲ್ಲೂ?"

"ಇಲ್ಲ ಸರ್."

ಯಜಮಾನರು ಜೇಬಿನಿಂದ ಪೆನ್ನು ತೆಗೆದು, ಮೇಡಂ ಸಹಿಯ ಕೆಳಗೆ ತಮ್ಮ ಸಹಿ ಹಾಕಿದರು. "ಆಕೆ ಹತ್ರ ಇರೋದರ ಮೇಲೂ ನನ್ನ ಸಹಿ ಇರ್ಬೇಕು. ನಾಳೆ ತಗೊಂಡು ಬನ್ನಿ," ಎಂದರು. "ಈಗ ಹೋಗಿ, ಕೆಲಸ ನೋಡಿ."

ಹೊರಗೆ ಬಂದಾಗ ಮೇಡಂ ಗೋಡೆಗೆ ಒರಗಿ ನಿಂತರು. "ಸ್ವಲ್ಪ ನೀರು ಕೊಡ್ತೀರಾ?" ಎಂದರು. ಓಡಿಹೋಗಿ ತಂದುಕೊಟ್ಟೆ. ಎರಡು ಕೈಯಲ್ಲಿ ಹಿಡಿದರೂ ಲೋಟ ನಡುಗುತ್ತಿತ್ತು, ನೀರು ಅವರ ಸೀರೆಯ ಮೇಲೆಲ್ಲ ಚೆಲ್ಲಿತು. ಬೆಳಿಗ್ಗೆಯಿಂದ ಅವರಿಗೆ ಅಷ್ಟು ಹೆದರಿಕೆಯಾಗಿತ್ತೆಂದು ನನಗೆ ಆವರೆಗೂ ಗೊತ್ತೇ ಆಗಿರಲಿಲ್ಲ.